‘ಸೈಕಲ್’ ಮತ್ತು ‘ಪಟ್ಟು’: ಪೈಪ್‌ಲೈನ್ ಲೆಕ್ಕದಲ್ಲಿ ಈ ಎರಡು ಪದ ಹೇಗೆ ಬಳಸೋದು?

ಕೇಳಿದವರು, ಮೈಸೂರು

ಎಲ್ಲರಿಗೂ ನಮಸ್ಕಾರ. ಮಂಡ್ಯ ಕಡೆ ಡಿಪ್ಲೊಮಾ ಹುಡುಗರಿಗೆ ಪ್ರೊಸೆಸರ್ ಬಗ್ಗೆ ಕನ್ನಡದಲ್ಲಿ ನೋಟ್ಸ್ ಬರೀತಿದೀನಿ, ಅದರಲ್ಲಿ ಐದು ಹಂತದ ಪೈಪ್‌ಲೈನ್ ಪಾಠ ಬಂದಿದೆ. ಹಂತಗಳಿಗೆ ಹಿಡಿಯೋ ಟೈಮು ಹೀಗೆ ಇಟ್ಕೊಂಡಿದೀನಿ: ಫೆಚ್ 200 ಪಿಕೋಸೆಕೆಂಡ್, ಡಿಕೋಡ್ 150, ಎಕ್ಸಿಕ್ಯೂಟ್ 200, ಮೆಮೊರಿ 250, ರೈಟ್‌ಬ್ಯಾಕ್ 100. ಚಿತ್ರ ಮಾಮೂಲಿದೇ:

```
      1    2    3    4    5    6    7
I1    IF   ID   EX   MEM  WB
I2         IF   ID   EX   MEM  WB
I3              IF   ID   EX   MEM  WB
```

ಮೂರು ಇನ್‌ಸ್ಟ್ರಕ್ಷನ್ನಿಗೆ 7 ಸೈಕಲ್, ಹಾಗೇ 1000ಕ್ಕೆ 1004 ಸೈಕಲ್ ಅಂತ ಬರೆದೆ. ಪಕ್ಕದಲ್ಲೇ ಸಿಂಗಲ್ ಸೈಕಲ್ ಡಿಸೈನಿಗೆ 1000 ಸೈಕಲ್ ಅಂತಾನೂ ಬರೆದಿದ್ದೆ. ಒಬ್ಬ ಹುಡುಗಿ ಅದನ್ನ ಓದಿ ‘ಸಾರ್, ಹಾಗಾದ್ರೆ ಪೈಪ್‌ಲೈನೇ ನಾಲ್ಕು ಸೈಕಲ್ ನಿಧಾನ ಆಯ್ತಲ್ಲ, ಇಷ್ಟೆಲ್ಲಾ ಕಷ್ಟಪಟ್ಟು ಮಾಡೋದ್ಯಾಕೆ’ ಅಂದ್ಲು. ಪ್ರಶ್ನೆ ಸರಿಯಾಗೇ ಇದೆ, ಬರೆದಿರೋದನ್ನ ಓದಿದ್ರೆ ಯಾರಿಗಾದ್ರೂ ಹಾಗೇ ಅನ್ಸುತ್ತೆ. ಎರಡು ಕಡೆ ‘ಸೈಕಲ್’ ಅನ್ನೋದು ಬೇರೆ ಬೇರೆ ಉದ್ದದ್ದು, ಆದ್ರೆ ಪದ ಒಂದೇ. ಇದಕ್ಕೆ ಬೇರೆ ಬೇರೆ ಕನ್ನಡ ಪದ ಇಡಬೇಕಾ, ಇಲ್ಲಾ ಇದನ್ನೇ ಇಟ್ಕೊಂಡು ಬಿಡಿಸಿ ಹೇಳಬೇಕಾ? ಇನ್ನೊಂದು, ಸ್ಪೀಡಪ್ಪಿಗೆ ‘ಇಷ್ಟು ಪಟ್ಟು ಹೆಚ್ಚು ವೇಗ’ ಅಂತ ಬರೀಬಹುದಾ?

ಮೈಸೂರಿನ ಸಾಫ್ಟ್‌ವೇರ್ ಹುಡುಗ

ಸಾರ್, ಇದನ್ನ ಅಷ್ಟೊಂದು ತಲೆಗೆ ಹಚ್ಕೋಬೇಡಿ, ಐದು ಹಂತ ಇದೆ ಅಂದ್ರೆ ಸ್ಪೀಡಪ್ ಐದು. ನಾವು ಕಾಲೇಜಲ್ಲಿ ಒಂದೇ ಫಾರ್ಮುಲಾ ಬಾಯಿಪಾಠ ಮಾಡಿದ್ವಿ, `5n/(n+4)`, ಅದರಲ್ಲಿ n ಜಾಗಕ್ಕೆ 1000 ಹಾಕಿದ್ರೆ 4.98 ಬರುತ್ತೆ, n ಇನ್ನೂ ದೊಡ್ಡದಾದಷ್ಟೂ 5ಕ್ಕೆ ಹತ್ರ ಹೋಗ್ತಾನೇ ಇರುತ್ತೆ. ಪಿಕೋಸೆಕೆಂಡ್ ಗೊಡವೇನೇ ಬೇಡ. ಸೈಕಲ್ಲಿಗೆ ‘ಆವರ್ತ’ ಅಂತ ಹಾಕಿಬಿಡಿ, ಮುಗೀತು.

ಮಂಡ್ಯದಿಂದ ಒಬ್ಬರು

ಪೈಪ್‌ಲೈನ್ ಅಂದ್ರೆ ಕೊಳವೆಸಾಲು ಅಂತ ಚಂದಾಗಿರೋ ಮಾತು ಇರುವಾಗ ಇಂಗ್ಲಿಷ್ ಯಾಕೆ ಸ್ವಾಮಿ? ನಮ್ಮೂರಿಗೆ ಕಾವೇರಿ ನೀರು ಬರ್ತಿರೋದೇ ಕೊಳವೆಸಾಲಲ್ಲಿ. ಅದಕ್ಕೂ ಒಂದು ಲೆಕ್ಕ ಅದೆ, ಕೊಳವೆ ಎಷ್ಟು ಉದ್ದ ಇದ್ರೆ ನೀರು ಬರಾಕೆ ಅಷ್ಟು ಹೊತ್ತು. ನಿಮ್ಮ ನಾಲ್ಕು ಸೈಕಲ್ ಜಾಸ್ತಿ ಅನ್ನೋದೂ ಅದೇ ಇರಬೇಕು, ಮೊದಲು ನೀರು ತುಂಬಬೇಕಲ್ಲ.

ನಿವೃತ್ತ ಮೇಡಂ, ಮೈಸೂರು

ಕೊಳವೆಸಾಲಿನವರು ಕೇಳಿದ ಪ್ರಶ್ನೆ ಬಿಟ್ಟು ಬೇರೆಯದಕ್ಕೆ ಉತ್ತರ ಕೊಟ್ಟಿದಾರೆ, ಆದ್ರೂ ಮೊದಲು ತುಂಬಬೇಕು ಅನ್ನೋ ಮಾತು ಸರಿಯಾಗೇ ಬಿದ್ದಿದೆ. ಆ 4 ಬರೋದು ಅಲ್ಲಿಂದಲೇ. ಮೊದಲನೇ ಇನ್‌ಸ್ಟ್ರಕ್ಷನ್ ಮುಗಿಯೋಕೆ ಐದು ಸೈಕಲ್ ಬೇಕು, ಆಮೇಲೆ ಸೈಕಲ್ಲಿಗೆ ಒಂದೊಂದು ಮುಗೀತಾ ಬರುತ್ತೆ, ಅದಕ್ಕೆ n+4.

ಸಾಫ್ಟ್‌ವೇರ್ ಹುಡುಗ ಹೇಳಿದ್ದು ಅರ್ಧ ಸರಿ. `5n/(n+4)` ನಿಲ್ಲೋದು ಐದೂ ಹಂತ ಒಂದೇ ಉದ್ದ ಇದ್ದಾಗ ಮಾತ್ರ ಕಣಪ್ಪ. 900 ಪಿಕೋಸೆಕೆಂಡಿನ ಕೆಲಸವನ್ನ 180ರಂತೆ ಐದು ಸಮಪಾಲು ಮಾಡೋಕೆ ಆದ್ರೆ ನಿನ್ನ ಮಾತು ಒಪ್ತೀನಿ. ಇಲ್ಲಿ ಪಾಲು ಸಮ ಇಲ್ಲ. ಗಡಿಯಾರ ಎಲ್ಲಾ ಹಂತಕ್ಕೂ ಒಂದೇ, ಅದು ಅತಿ ನಿಧಾನದ ಹಂತಕ್ಕೆ ಕಾಯಲೇಬೇಕು, ಅಂದ್ರೆ ಮೆಮೊರಿ ಹಂತದ 250. ರೈಟ್‌ಬ್ಯಾಕ್ 100ರಲ್ಲಿ ಮುಗಿಸಿದ್ರೂ ಉಳಿದ 150 ಸುಮ್ಮನೆ ಕೂತಿರುತ್ತೆ.

ಈಗ ಸೈಕಲ್ ಎಣಿಸೋದು ಬಿಟ್ಟು ಟೈಮು ಎಣಿಸಿ. ಸಿಂಗಲ್ ಸೈಕಲ್ ಡಿಸೈನಿನಲ್ಲಿ ಒಂದು ಸೈಕಲ್ಲೇ 900, ಯಾಕಂದ್ರೆ ಐದೂ ಹಂತ ಬಳಸೋ `lw` ಅದರೊಳಗೆ ಮುಗೀಬೇಕು, ಮೆಮೊರಿ ಮುಟ್ಟದ `add` ಬಂದ್ರೂ ಗಡಿಯಾರ ಅಷ್ಟೇ ಉದ್ದ.

```
single:    1000 x 900 = 900000 ps
pipeline:  1004 x 250 = 251000 ps
speedup:   900000 / 251000 = 3.59
```

ಮೂರೇ ಇನ್‌ಸ್ಟ್ರಕ್ಷನ್ ಇದ್ದಿದ್ರೆ 2700ಕ್ಕೆ 1750, ಸ್ಪೀಡಪ್ ಬರೀ 1.54. n ಬೆಳೆದ ಹಾಗೆ ಆ 4 ಲೆಕ್ಕಕ್ಕೇ ಬರಲ್ಲ, ಉಳಿಯೋದು 900/250, ಅಂದ್ರೆ 3.6. ಎಷ್ಟೇ ಉದ್ದದ ಪ್ರೋಗ್ರಾಂ ಕೊಟ್ಟರೂ ಅದನ್ನ ದಾಟಲ್ಲ. ಹುಡುಗರು ಉತ್ತರ 4.98 ಅಂತ ಬರೆದಿದ್ರೆ ಹಂತಗಳ ಟೈಮು ನೋಡೇ ಇಲ್ಲ ಅಂತ ಗೊತ್ತಾಗುತ್ತೆ, ಒಂದಕ್ಕಿಂತ ಚೂರು ಕಮ್ಮಿ ಬಂದಿದ್ರೆ ಆ ಹುಡುಗಿ ಹೇಳಿದ ಹಾಗೆ ಸೈಕಲ್ಲಿಗೆ ಸೈಕಲ್ ಭಾಗಿಸಿದಾರೆ ಅಂತ.

ಇನ್ನೊಂದು ಹೇಳಿಬಿಡಿ ಅವಳಿಗೆ, ಅವಳ ಅನುಮಾನದಲ್ಲಿ ಒಂದು ನಿಜಾನೂ ಇದೆ. ಒಂದೇ ಒಂದು ಇನ್‌ಸ್ಟ್ರಕ್ಷನ್ ತಗೊಂಡ್ರೆ ಪೈಪ್‌ಲೈನಿನಲ್ಲಿ ಅದು ಐದು ಸಲ 250, ಅಂದ್ರೆ 1250 ಪಿಕೋಸೆಕೆಂಡ್ ಒಳಗಿರುತ್ತೆ, ಸಿಂಗಲ್ ಸೈಕಲ್ಲಿನಲ್ಲಿ 900ಕ್ಕೆ ಮುಗೀತಿತ್ತು. ಒಬ್ಬೊಬ್ಬರಿಗೂ ತಡ ಆಗುತ್ತೆ, ಸಾಲು ಮಾತ್ರ ಬೇಗ ಸಾಗುತ್ತೆ.

ಪದದ ವಿಷಯ. ‘ಆವರ್ತ’ ಅಂದ್ರೂ ಅದೇ ಗೊಂದಲ ಅದೇ ಜಾಗದಲ್ಲಿ ಕೂತಿರುತ್ತೆ. ‘ಸೈಕಲ್’ ಅಂತಲೇ ಇಡಿ, ಪ್ರತಿ ಸಲ ಉದ್ದ ಜೊತೆಗೆ ಬರೀರಿ, ‘900 ಪಿಕೋಸೆಕೆಂಡಿನ ಸೈಕಲ್ 1000’, ‘250 ಪಿಕೋಸೆಕೆಂಡಿನ ಸೈಕಲ್ 1004’ ಅಂತ. ಹೀಗೆ ಬರೆದ್ರೆ ಯಾರೂ 1004ನ್ನ 1000ಕ್ಕೆ ಹೋಲಿಸಲ್ಲ.

ಮಂಡ್ಯದಿಂದ ಅವರೇ

ಮೇಡಂ ಹೇಳಿದ ಮೇಲೆ ಈಗ ಗೊತ್ತಾಯ್ತು ನೋಡಿ, ಇದು ನೀರಿನ ಪೈಪಲ್ಲ, ನಮ್ಮ ಆಲೆಮನೆ ಥರ. ಗಾಣದಲ್ಲಿ ಹಾಲು ಬೇಗ ಇಳೀತದೆ, ಅಚ್ಚಿಗೆ ಹುಯ್ಯೋದೂ ಬೇಗ, ಆದ್ರೆ ಕೊಪ್ಪರಿಗೇಲಿ ಕುದಿಯೋದು ಕುದಿಯೋ ಹೊತ್ತಿಗೇ ಕುದೀತದೆ, ಅದಾಗೋಗಂಟ ಗಾಣದವನು ಬೀಡಿ ಸೇದ್ತಾ ಕೂತಿರ್ತವ್ನೆ. ಗಾಣ ಇನ್ನೊಂದು ತಂದು ಹಾಕಿದ್ರೆ ಬೆಲ್ಲ ಒಂದಚ್ಚೂ ಜಾಸ್ತಿ ಬರಾಕಿಲ್ಲ. ಹಂಗಾದ್ರೆ ಆ 250ರ ಹಂತವನ್ನೇ ಎರಡು ಮಾಡಬಾರದಾ?

ನಿವೃತ್ತ ಮೇಡಂ

ಮಾಡಬಹುದು, ನಿಜವಾದ ಪ್ರೊಸೆಸರುಗಳಲ್ಲಿ ಮಾಡ್ತಾರೂ ಕೂಡ. ಮೆಮೊರಿಯನ್ನ 125, 125 ಅಂತ ಸೀಳಿದ್ರೆ ಗಡಿಯಾರ 200ಕ್ಕೆ ಇಳಿಯುತ್ತೆ, ಅದಕ್ಕಿಂತ ಕೆಳಗೆ ಇಳಿಯಲ್ಲ, ಯಾಕಂದ್ರೆ ಈಗ ಫೆಚ್ಚೂ ಎಕ್ಸಿಕ್ಯೂಟೂ ಅಡ್ಡ ನಿಂತಿವೆ. ಆಗ 900/200, ಆರು ಹಂತ ಮಾಡಿ 4.5. ಆದ್ರೆ ಅದು ಬೇರೆ ಪಾಠ, ಐದಕ್ಕೇ ನಿಲ್ಲೋಣ.

ಕೇಳಿದವರು

ಮೇಡಂ ತುಂಬಾ ಉಪಕಾರ ಆಯ್ತು. ಅದೇ ಪಾಠದಲ್ಲಿ ಇನ್ನೊಂದು ತೊಡಕಿದೆ. `lw` ತಂದ ಬೆಲೆಯನ್ನ ಪಕ್ಕದ `add` ತಕ್ಷಣ ಕೇಳಿದ್ರೆ ಒಂದು ಸೈಕಲ್ ನಿಲ್ಲಬೇಕಲ್ಲ, ಆ ಸ್ಟಾಲನ್ನ ಚಿತ್ರದಲ್ಲಿ ಹೇಗೆ ತೋರಿಸೋದು? ಕೆಲವರು ಗೆರೆ ಎಳೀತಾರೆ, ಕೆಲವರು ‘ಗುಳ್ಳೆ’ ಅಂತಾರೆ, ಕೆಲವರು ಡಿಕೋಡನ್ನೇ ಎರಡು ಸಲ ಬರೀತಾರೆ.

ನಿವೃತ್ತ ಮೇಡಂ

ಮೂರೂ ಒಂದೇ ಕಥೆ ಹೇಳ್ತವೆ, ಆದ್ರೆ ಒಂದು ಚಿತ್ರದೊಳಗೆ ಎರಡು ರೀತಿ ಬೆರೆಸಬೇಡಿ. ನಾನು ಗೆರೆ ಹಾಕಿಸ್ತಿದ್ದೆ:

```
                  1    2    3    4    5    6    7    8
lw  $t0, 0($s0)   IF   ID   EX   MEM  WB
add $t1, $t0, $t2      IF   ID   --   EX   MEM  WB
sub $t3, $t4, $t5           IF   --   ID   EX   MEM  WB
```

`lw` ಮೆಮೊರಿಯಿಂದ ಬೆಲೆ ತಂದು ಮುಗಿಸೋದು 4ನೇ ಸೈಕಲ್ಲಿನ ಕೊನೇಲಿ. `add`ಗೆ ಅದು ಎಕ್ಸಿಕ್ಯೂಟ್ ಶುರುವಾಗುವಾಗ ಬೇಕು, ನಿಲ್ಲಿಸದೆ ಬಿಟ್ಟರೆ ಅದು 4ರ ಶುರುವಿನಲ್ಲೇ. ಫಾರ್ವರ್ಡಿಂಗ್ ತಂತಿ ಇದ್ರೂ ಬೆಲೆಯನ್ನ ಹಿಂದಿನ ಟೈಮಿಗೆ ಕಳ್ಸೋಕಾಗಲ್ಲ, ಅದಕ್ಕೇ ಒಂದು ಮನೆ ಕಾಯಬೇಕು. ಹುಡುಗರು ಎಲ್ಲಿ ಎಡವ್ತಾರೆ ಅಂದ್ರೆ, `add` ಸಾಲಲ್ಲಿ ಗೆರೆ ಹಾಕಿ `sub` ಸಾಲನ್ನ ಹಾಗೇ ಮುಂದಕ್ಕೆ ಓಡಿಸಿಬಿಡ್ತಾರೆ. ಆಗ ಒಂದೇ ಕಾಲಮ್ಮಿನಲ್ಲಿ ಎರಡು ID ಇಲ್ಲಾ ಎರಡು EX ಕಾಣುತ್ತೆ. ಚಿತ್ರ ಮುಗಿದ ಮೇಲೆ ಪ್ರತಿ ಕಾಲಮ್ಮನ್ನ ಮೇಲಿಂದ ಕೆಳಕ್ಕೆ ಬೆರಳಿಟ್ಟು ಓದಿಸಿ, ಯಾವ ಹಂತದ ಹೆಸರೂ ಒಂದು ಕಾಲಮ್ಮಿನಲ್ಲಿ ಎರಡು ಸಲ ಬರಕೂಡದು. ಬಂದ್ರೆ ಎಲ್ಲೋ ಒಂದು ಸಾಲು ಕಾಯೋದು ಮರೆತಿದೆ.

ಉದ್ದದ ಸಾಲಿಗೆ ಇಷ್ಟೂ ಚಿತ್ರ ಬರೆಯೋಕಾಗಲ್ಲ, ಗೆರೆ ಎಷ್ಟು ಸಲ ಬೀಳುತ್ತೆ ಅಂತ ಎಣಿಸಿದ್ರೆ ಸಾಕು. 1000ದಲ್ಲಿ ಐದಕ್ಕೊಂದು ಇಂಥ ಜೋಡಿ ಇದೆ ಅಂತಿಟ್ಕೊಳ್ಳಿ, 200 ಸ್ಟಾಲ್. ಒಟ್ಟು 1204 ಸೈಕಲ್, 250ರಿಂದ ಗುಣಿಸಿದ್ರೆ 301000, ಸ್ಪೀಡಪ್ 2.99. ಮೊದಲು 3.59 ಇದ್ದದ್ದು ಮೂರಕ್ಕೆ ಇಳೀತು. ಸಿಂಗಲ್ ಸೈಕಲ್ ಡಿಸೈನಿನಲ್ಲಿ ಈ ಸ್ಟಾಲ್ ಇರೋದೇ ಇಲ್ಲ ಅನ್ನೋದು ನೆನಪಿರಲಿ, ಆ ಕಡೆ 900000 ಹಾಗೇ ಇರುತ್ತೆ, ಎರಡೂ ಕಡೆಗೆ 200 ಸೇರಿಸೋರನ್ನ ನೋಡಿದೀನಿ.

ಇನ್ನೊಬ್ಬರು, ಮೈಸೂರು, ಕನ್ನಡ ಮೇಷ್ಟ್ರು

ಪ್ರೊಸೆಸರ್ ನನಗೆ ಅಷ್ಟಕ್ಕಷ್ಟೆ, ‘ಪಟ್ಟು’ ಬಗ್ಗೆ ಯಾರೂ ಹೇಳಲಿಲ್ಲ ಅಂತ ಬರೀತಿದೀನಿ. ‘3.6 ಪಟ್ಟು ವೇಗ’ ಅಂದ್ರೆ ಮೇಡಂ ಹೇಳಿದ ಅರ್ಥ ಬರುತ್ತೆ. ‘3.6 ಪಟ್ಟು ಹೆಚ್ಚು ವೇಗ’ ಅಂದ್ರೆ ಮೂಲದ ಒಂದರ ಮೇಲೆ ಇನ್ನೂ 3.6, ಒಟ್ಟು 4.6 ಅಂತ ಓದೋರು ಇದಾರೆ. ಸಂತೆ ಮಾತಲ್ಲಿ ‘ರೇಟು ಎರಡು ಪಟ್ಟು ಹೆಚ್ಚಾಯ್ತು’ ಅಂದ್ರೆ ಎಲ್ಲರೂ ಡಬಲ್ ಅಂತಲೇ ತಿಳ್ಕೋತಾರೆ, ಆದ್ರೆ ಮಾರ್ಕ್ಸ್ ಇರೋ ಲೆಕ್ಕದಲ್ಲಿ ಆ ‘ಹೆಚ್ಚು’ ಬೇಡ. ಸುಮ್ಮನೆ ‘3.6 ಪಟ್ಟು’ ಅನ್ನಿ, ಇಲ್ಲಾ ‘900000 ಹಿಡೀತಿದ್ದ ಕೆಲಸ 251000ದಲ್ಲಿ ಆಗುತ್ತೆ’ ಅಂತ ಬಿಡಿಸಿ ಬರೀರಿ.

ಕೆಲವರು ‘ಮಡಿ’ ಅಂತಾರೆ, ಇಮ್ಮಡಿ ಮುಮ್ಮಡಿ ಅಂತ. ಪೂರ್ತಿ ಸಂಖ್ಯೆಗೆ ಚಂದ, 3.6ಕ್ಕೆ ಕೂರಲ್ಲ. ಮೇಲಾಗಿ ಮೈಸೂರಿನವರಿಗೆ ಮುಮ್ಮಡಿ ಅಂದ ಕೂಡಲೇ ನೆನಪಾಗೋದು ಮುಮ್ಮಡಿ ಕೃಷ್ಣರಾಜ ಒಡೆಯರು, ಅಲ್ಲಿ ಅದು ಮೂರನೆಯವರು ಅಂತ, ಮೂರರಷ್ಟು ಅಂತಲ್ಲ.

ಸಾಫ್ಟ್‌ವೇರ್ ಹುಡುಗ

ಮೇಡಂ, 5 ಅಂದಿದ್ದನ್ನ ಬಿಟ್ಟೆ. ಆದ್ರೆ ಹಂತ ಹಂತದ ಮಧ್ಯೆ ರಿಜಿಸ್ಟರ್ ಕೂರಿಸಬೇಕಲ್ಲ, ಅದಕ್ಕೂ ಟೈಮು ಹಿಡಿಯುತ್ತೆ. 20 ಪಿಕೋಸೆಕೆಂಡ್ ಅಂದ್ರೂ ಸೈಕಲ್ 270 ಆಗುತ್ತೆ, ಆಗ ಸ್ಟಾಲ್ ಒಂದೂ ಇಲ್ದೆ ಇದ್ರೂ 900/270, 3.33ಕ್ಕೇ ನಿಲ್ಲುತ್ತೆ. ನೀವು ಅದನ್ನ ಬಿಟ್ಟಿದೀರಿ.

ನಿವೃತ್ತ ಮೇಡಂ

ಬಿಟ್ಟಿದ್ದು ಪ್ರಶ್ನೇಲಿ ಕೊಟ್ಟಿರಲಿಲ್ಲ ಅಂತ. ಕೊಟ್ಟಿದ್ರೆ 250ರ ಮೇಲೆ ಒಂದೇ ಸಲ ಸೇರಿಸಬೇಕು, ಐದು ಸಲ ಅಲ್ಲ.

ಸಾಫ್ಟ್‌ವೇರ್ ಹುಡುಗ

ಸರಿ, ಆದ್ರೆ ಸಿಂಗಲ್ ಸೈಕಲ್ ಡಿಸೈನಿನಲ್ಲೂ ಪ್ರೋಗ್ರಾಂ ಕೌಂಟರ್ ಅಂತ ಒಂದು ರಿಜಿಸ್ಟರ್ ಇದ್ದೇ ಇದೆಯಲ್ಲ ಮೇಡಂ. ಆ ಕಡೆಗೂ 20 ಸೇರಿಸಿದ್ರೆ 920/270, 3.41 ಬರುತ್ತೆ. ಯಾವುದನ್ನ ಸರಿ ಅನ್ನೋದು?

ನಿವೃತ್ತ ಮೇಡಂ

ನ್ಯಾಯವಾಗಿ ನೋಡಿದ್ರೆ ನಿಂದೇ ಸರಿ ಅನ್ಸುತ್ತೆ. ಆದ್ರೆ ಪರೀಕ್ಷೆ ಪ್ರಶ್ನೆಗಳಲ್ಲಿ ಸಾಮಾನ್ಯವಾಗಿ ಪೈಪ್‌ಲೈನ್ ಕಡೆಗೆ ಮಾತ್ರ ಸೇರಿಸಿರ್ತಾರೆ, ಹುಡುಗರು ಹಾಗೇ ಅಭ್ಯಾಸ ಮಾಡಿರ್ತಾರೆ. ನೋಟ್ಸ್ ಬರೆಯೋರು ಯಾವುದನ್ನ ಹಿಡಿದ್ರು ಅಂತ ಲೆಕ್ಕದ ಮೇಲೇ ಒಂದು ಸಾಲು ಬರೆದುಬಿಡಲಿ. ಕ್ಲಾಸಿನಲ್ಲಿ ಯಾವುದನ್ನ ಕಲಿಸ್ತಿದಾರೆ ಅಂತ ಈಗ ಪಾಠ ಮಾಡ್ತಿರೋ ಯಾರಾದ್ರೂ ಹೇಳಿದ್ರೆ ಒಳ್ಳೇದು.