ಲಿಂಕ್ ಹಾಕಿದರೆ ವಾಟ್ಸಾಪ್‌ನಲ್ಲಿ ಚಿತ್ರ ಬರಲ್ಲ: ನಿಮ್ಮ ಅನುಭವ ಹೇಳಿ

ಬಳ್ಳಾರಿ ಜೀನ್ಸ್‌ನವರು: ನಮ್ಮದು ಬಳ್ಳಾರಿಯಲ್ಲಿ ಜೀನ್ಸ್ ಹೊಲಿಗೆ ಘಟಕ. ಒಂದೊಂದು ಮಾಡೆಲ್‌ಗೂ ಸೈಟ್‌ನಲ್ಲಿ ಬೇರೆ ಪುಟ ಇದೆ. ಲಿಂಕನ್ನು ವ್ಯಾಪಾರಿಗಳ ವಾಟ್ಸಾಪ್ ಗ್ರೂಪ್‌ಗೆ ಹಾಕಿದರೆ ಹೆಸರು ಬರುತ್ತದೆ, ಪ್ಯಾಂಟಿನ ಚಿತ್ರ ಬರಲ್ಲ. ಟೆಲಿಗ್ರಾಂನಲ್ಲಿ ಮಾತ್ರ ಬರುತ್ತದೆ. ಹೀಗಾದವರು ಏನು ಮಾಡಿದಿರಿ?

ಸಿಂಧನೂರು ಅಕ್ಕಿ: ಅಣ್ಣಾ, ಸೈಟ್ ಯಾಕೆ ಬೇಕು? ವಾಟ್ಸಾಪ್ ಬಿಸಿನೆಸ್‌ನಲ್ಲೇ ಕ್ಯಾಟಲಾಗ್ ಇದೆ, ಫೋಟೋ ಅಲ್ಲೇ ಹಾಕಿ. ನಾವು ಸೋನಾ ಮಸೂರಿ ಚೀಲದ ರೇಟನ್ನೆಲ್ಲ ಅದರಲ್ಲೇ ಹಾಕುತ್ತೇವೆ.

ಬಳ್ಳಾರಿ ಜೀನ್ಸ್‌ನವರು: ಅದೂ ಇದೆ ಸರ್. ಆದರೆ ಸೈಜ್ ಚಾರ್ಟ್, ಹೋಲ್‌ಸೇಲ್ ರೇಟ್ ಎಲ್ಲ ಸೈಟ್‌ನಲ್ಲಿದೆ, ಅದಕ್ಕೇ ಲಿಂಕ್ ಕಳಿಸೋದು.

ರಾಯಚೂರು ಹುಡುಗ: ಫೇಸ್‌ಬುಕ್‌ನವರ ಶೇರಿಂಗ್ ಡೀಬಗರ್ ಅಂತ ಇದೆ. ಅದರಲ್ಲಿ ಲಿಂಕ್ ಹಾಕಿ `Scrape Again` ಒತ್ತಿ. ಎರಡೂ ಒಂದೇ ಕಂಪನಿ ಅಲ್ವಾ, ವಾಟ್ಸಾಪ್‌ನಲ್ಲೂ ಸರಿಹೋಗುತ್ತದೆ.

ಹೊಸಪೇಟೆ ರಸ್ತೆ: ಪುಟದಲ್ಲಿ ಪ್ರಿವ್ಯೂಗೆಂದು ಬರೆದ `og:` ಟ್ಯಾಗ್ ಸರಿ ಇದೆಯಾ ಅಂತ ನೋಡೋಕೆ ಡೀಬಗರ್ ಒಳ್ಳೆಯದೇ. ಆದರೆ ಆ ಬಟನ್ ಫೇಸ್‌ಬುಕ್ ಇಟ್ಟುಕೊಂಡ ಹಳೆ ಪ್ರತಿಯನ್ನಷ್ಟೇ ಹೊಸದು ಮಾಡುತ್ತದೆ. ವಾಟ್ಸಾಪ್‌ನದು ಬೇರೆ ದಾರಿ. ಅಲ್ಲಿ ಮೆಸೇಜ್ ಗೂಢಲಿಪಿಯಲ್ಲಿ ಹೋಗುತ್ತದೆ, ನಡುವಿನ ಸರ್ವರ್‌ಗೆ ಲಿಂಕ್ ಕಾಣಲ್ಲ. ಹಾಗಾಗಿ ಕಳಿಸುವವರ ಫೋನೇ ಆ ಪುಟಕ್ಕೆ ಹೋಗಿ, ಶೀರ್ಷಿಕೆ, ಸಾರಾಂಶ, ಚಿತ್ರ ತಂದು ಮೆಸೇಜ್‌ಗೆ ಅಂಟಿಸಿ ಕಳಿಸುತ್ತದೆ. ಲಿಂಕ್ ಪೇಸ್ಟ್ ಮಾಡಿದ ತಕ್ಷಣ ಕಳಿಸಿಬಿಟ್ಟರೆ, ನೆಟ್ ನಿಧಾನ ಇರುವ ಕಡೆ, ಅದಕ್ಕೆ ಚಿತ್ರ ತರೋಕೆ ಸಮಯವೇ ಸಿಗಲ್ಲ. ಟೈಪ್ ಮಾಡುವ ಜಾಗದ ಮೇಲೆ ಪ್ರಿವ್ಯೂ ಕಾಣುವ ತನಕ ಕಾಯಿರಿ.

ಮೊದಲು ಪುಟದಲ್ಲಿ ಏನಿದೆ ನೋಡೋಣ. ಲ್ಯಾಪ್‌ಟಾಪ್‌ನಲ್ಲಿ ಇದನ್ನು ಕೊಡಿ, ವಿಳಾಸದ ಜಾಗದಲ್ಲಿ ನಿಮ್ಮದು ಹಾಕಿ:

```
curl -s -A "WhatsApp/2.23" https://example.in/jeans/ | grep "og:"
```

ಬಳ್ಳಾರಿ ಜೀನ್ಸ್‌ನವರು: ಬಂತು ಸರ್. `og:title`, `og:description` ಇವೆ. ಚಿತ್ರದ್ದು ಹೀಗಿದೆ:

```
<meta property="og:image" content="https://example.in/img/IMG_2041.jpg">
```

ಬ್ರೌಸರ್‌ನಲ್ಲಿ ತೆರೆದರೆ ಫೋಟೋ ಚೆನ್ನಾಗೇ ಬರುತ್ತದೆ.

ಹೊಸಪೇಟೆ ರಸ್ತೆ: ವಿಳಾಸ `https` ಇಂದ ಶುರುವಾಗಿ ಪೂರ್ತಿ ಇದೆ, ಅದು ಸರಿ. ಬರೀ `/img/...` ಅಂತ ಇದ್ದಿದ್ದರೆ ಅದನ್ನೇ ಮೊದಲು ತಿದ್ದಬೇಕಿತ್ತು. ಫೈಲ್ ಎಷ್ಟು ದೊಡ್ಡದು?

ಬಳ್ಳಾರಿ ಜೀನ್ಸ್‌ನವರು: 3.4 ಎಂಬಿ. ಫೋನಲ್ಲಿ ತೆಗೆದದ್ದು ಹಾಗೇ ಹಾಕಿದ್ದಾರೆ.

ಹೊಸಪೇಟೆ ರಸ್ತೆ: ಅದೇ ನೋಡಿ. ವಾಟ್ಸಾಪ್‌ಗೆ ಚಿತ್ರ 600 ಕೆಬಿ ಒಳಗೆ ಇರಬೇಕು. ದಾಟಿದರೆ ಅದು ಎಚ್ಚರಿಕೆ ಏನೂ ಕೊಡಲ್ಲ, ಸುಮ್ನೆ ಚಿತ್ರ ಬಿಟ್ಟು ಹೆಸರು ಮಾತ್ರ ತೋರಿಸುತ್ತದೆ. ಟೆಲಿಗ್ರಾಂನಲ್ಲಿ ಅವರ ಸರ್ವರ್ರೇ ಹೋಗಿ ತರುತ್ತದೆ, ಮಿತಿಯೂ ಬೇರೆ, ಅದಕ್ಕೇ ಅಲ್ಲಿ ಬಂತು. 1200 ಅಗಲ, 630 ಎತ್ತರಕ್ಕೆ ಇಳಿಸಿ ಜೆಪಿಜಿಯಾಗಿ ಉಳಿಸಿ, ಜೀನ್ಸ್ ಫೋಟೋ ಸುಲಭವಾಗಿ 200 ಕೆಬಿ ಒಳಗೆ ಬರುತ್ತದೆ.

ರಾಯಚೂರು ಹುಡುಗ: 300 ಕೆಬಿ ಅಂತ ಓದಿದ್ದೆನಲ್ಲ?

ಹೊಸಪೇಟೆ ರಸ್ತೆ: ಹಾಗೂ ಬಹಳ ಕಡೆ ಬರೆದಿದ್ದಾರೆ. ಮೆಟಾದವರ ಸೂಚನೆಯಲ್ಲಿ ಇರೋದು 600. ಆದರೆ 300ರ ಒಳಗೆ ಇಟ್ಟರೆ ನಷ್ಟ ಏನಿಲ್ಲ, ಇಡಿ.

ಕಿನ್ನಾಳ ಗೊಂಬೆ: ನಮ್ಮದು ಬೇರೆ ತೊಂದರೆ. ಕೊಪ್ಪಳದಲ್ಲಿ ಗೊಂಬೆ ಮಾರುವ ಸೈಟ್, ರಿಯಾಕ್ಟ್‌ನಲ್ಲಿ ಮಾಡಿಸಿದ್ದು. ಯಾವ ಗೊಂಬೆಯ ಲಿಂಕ್ ಹಾಕಿದರೂ ಅದೇ ಲೋಗೋ, ಅದೇ ಶೀರ್ಷಿಕೆ!

ಹೊಸಪೇಟೆ ರಸ್ತೆ: ಅಕ್ಕಾ, ಪ್ರಿವ್ಯೂಗೆ ಬರುವ ಪ್ರೋಗ್ರಾಂ ಜಾವಾಸ್ಕ್ರಿಪ್ಟ್ ಓಡಿಸಲ್ಲ, ಮೊದಲು ಬಂದ ಎಚ್‌ಟಿಎಂಎಲ್ ಅಷ್ಟೇ ಓದುತ್ತದೆ. ಅದರಲ್ಲಿ ಎಲ್ಲ ಗೊಂಬೆಗೂ ಒಂದೇ ಟ್ಯಾಗ್ ಇರುತ್ತದೆ. ಮೇಲಿನ ಕಮಾಂಡ್ ಕೊಟ್ಟರೆ ನಿಮಗೇ ಕಾಣುತ್ತದೆ. ಪ್ರತಿ ಪುಟವನ್ನೂ ಸರ್ವರ್‌ನಲ್ಲೇ ಸಿದ್ಧ ಮಾಡಿ ಕೊಡುವಂತೆ ಸೈಟ್ ಮಾಡಿದವರಿಗೆ ಹೇಳಿ. ಸ್ವಲ್ಪ ಕೆಲಸ ಇದೆ, ಅವರು ದುಡ್ಡು ಕೇಳಬಹುದು.

ಬಳ್ಳಾರಿ ಜೀನ್ಸ್‌ನವರು: ಫೋಟೋ 160 ಕೆಬಿಗೆ ಇಳಿಸಿ, ಅದೇ ಹೆಸರಲ್ಲಿ ಹಾಕಿದೆವು. ನನ್ನ ಫೋನಿಂದ ಇನ್ನೂ ಬರಲ್ಲ, ತಮ್ಮನ ಫೋನಿಂದ ಬಂತು. ಇದೇನು ವಿಚಿತ್ರ?

ಹೊಸಪೇಟೆ ರಸ್ತೆ: ನಿಮ್ಮ ಫೋನ್ ಆ ಲಿಂಕಿನ ಹಳೆ ಪ್ರಿವ್ಯೂ ಇಟ್ಟುಕೊಂಡಿದೆ. ಲಿಂಕಿನ ಕೊನೆಗೆ `?v=2` ಸೇರಿಸಿ ಹಾಕಿ ನೋಡಿ, ಫೋನಿಗೆ ಅದು ಹೊಸ ಲಿಂಕ್. ಪುಟ ಮಾತ್ರ ಅದೇ ತೆರೆಯುತ್ತದೆ. ಮುಂದೆ ಫೋಟೋ ಬದಲಿಸಿದಾಗ ಫೈಲ್ ಹೆಸರನ್ನೂ ಬದಲಿಸಿ.

ಬಳ್ಳಾರಿ ಜೀನ್ಸ್‌ನವರು: ಬಂತು ಬಂತು! ಗ್ರೂಪಿನಲ್ಲಿರುವ ಹಳೆ ಮೆಸೇಜುಗಳು ಸರಿಹೋಗುತ್ತವಾ?

ಹೊಸಪೇಟೆ ರಸ್ತೆ: ಇಲ್ಲ. ಪ್ರಿವ್ಯೂ ಮೆಸೇಜ್ ಜೊತೆಗೇ ಹೋಗಿಬಿಟ್ಟಿದೆ. ಮತ್ತೆ ಕಳಿಸಬೇಕು.

ರಾಯಚೂರು ಹುಡುಗ: ನಾನೂ ನಮ್ಮ ಲಿಂಕ್ ನೋಡಿದೆ. ಒಂದು ಫೋನಿಂದ ಕಳಿಸಿದರೆ ಅಗಲವಾದ ಚಿತ್ರ, ಇನ್ನೊಂದರಿಂದ ಸಣ್ಣ ಚೌಕ. ಟ್ಯಾಗ್ ಅದೇ, ಫೈಲ್ ಅದೇ. ಯಾಕೆ?

ಹೊಸಪೇಟೆ ರಸ್ತೆ: ಅದು ನನಗೂ ಪೂರ್ತಿ ಬಗೆಹರಿದಿಲ್ಲ. ಮುಖ್ಯವಾದದ್ದನ್ನು ಚಿತ್ರದ ನಡುವೆ ಇಡಿ, ಚೌಕವಾಗಿ ಕತ್ತರಿಸಿದರೂ ಉಳಿಯುತ್ತದೆ. ರೇಟನ್ನು ಮೂಲೆಯಲ್ಲಿ ಬರೆಯಬೇಡಿ.

ಸಿಂಧನೂರು ಅಕ್ಕಿ: ರೇಟನ್ನು ಚಿತ್ರದ ಮೇಲೆ ಬರೆದರೆ ನಾಳೆ ಬದಲಾದಾಗ ಏನು ಮಾಡ್ತೀರಿ?