ಸಹಾಯ ಬೇಕು: ಸಂಕ್ಷೇಪ ಲೇಖನ ಮೂರನೇ ಒಂದು ಭಾಗಕ್ಕೆ ಇಳಿಯುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯವಳು. ಪರೀಕ್ಷೆಗೆ ಮನೆಯಲ್ಲೇ ಓದುತ್ತಿದ್ದೇನೆ. ಸಂಕ್ಷೇಪ ಲೇಖನ ಬಲ್ಲವರು ಸ್ವಲ್ಪ ನೋಡಿ ಹೇಳಿ.

ಅಭ್ಯಾಸಕ್ಕೆ ತಗೊಂಡಿದ್ದು ಅಡಿಕೆ ಬೆಳೆಗಾರರ ಬಗ್ಗೆ 150 ಪದಗಳ ಗದ್ಯಭಾಗ. ಉತ್ತರ 50ರ ಆಸುಪಾಸಿನಲ್ಲಿರಬೇಕು. ಎರಡು ಸಲ ಓದಿ, ಮುಖ್ಯ ಅಂಶ ಗುರುತು ಹಾಕಿ, ಮೂಲ ಮುಚ್ಚಿಟ್ಟು ಬರೆದೆ. ಆದರೂ 66 ಬಂತು.

ಭಾರ ಇರೋದು ಈ ವಾಕ್ಯದಲ್ಲಿ: “ಮಳೆ ಹೆಚ್ಚಾದರೆ ಕೊಳೆರೋಗ ಬಂದು ಎಳೆಕಾಯಿ ಉದುರುತ್ತವೆ, ಕೊಯ್ಲಿನ ಹೊತ್ತಿಗೆ ಕೊನೆಗಾರರು ಸಿಗುವುದಿಲ್ಲ, ಸುಲಿದು ಬೇಯಿಸಿ ಒಣಗಿಸಿದ ಮೇಲೆ ಧಾರಣೆ ಕುಸಿದಿರುತ್ತದೆ.” ಇದು 16 ಪದ.

“ಬೆಳೆಗಾರನಿಗೆ ಹಲವು ಕಷ್ಟಗಳಿವೆ” ಅಂದರೆ ಮೂರೇ ಪದ. ಆದರೆ ಹಾಗೆ ಬರೆದರೆ ಭತ್ತದವನಿಗೂ ಅದೇ, ಕಾಫಿಯವನಿಗೂ ಅದೇ, ಅಲ್ವಾ? ಅದಕ್ಕೇ “ಬೆಳೆಗಾರನನ್ನು ರೋಗ, ಕೂಲಿಯಾಳಿನ ಕೊರತೆ, ಬೆಲೆ ಕುಸಿತ ಕಾಡುತ್ತವೆ” ಅಂತ ಮಾಡಿದೆ. ಏಳು ಪದ. ಮೂರು ಕಾರಣವೂ ಉಳಿದವು, ಒಟ್ಟು 57ಕ್ಕೆ ಇಳಿಯಿತು. ಲೆಕ್ಕ ಇಡೀ ಭಾಗಕ್ಕೆ ತಾನೇ, ಪ್ರತಿ ವಾಕ್ಯಕ್ಕಲ್ಲ. ಹಾಗಾಗಿ ಇದನ್ನು ಇನ್ನೂ ಹಿಂಡುವ ಮನಸ್ಸಿಲ್ಲ.

ಉಳಿದಿದ್ದು ಕೊನೆಯ ಮಾತು. ಒಬ್ಬ ಬೆಳೆಗಾರ ಹೇಳುತ್ತಾನೆ: “ಸಾಲ ಇದ್ದರೂ ತೋಟ ಮಾರಲ್ಲ, ಅಜ್ಜ ನೆಟ್ಟ ಮರ ಇವು.” ಸಂಕ್ಷೇಪದಲ್ಲಿ ನೇರ ಮಾತು, ಉದಾಹರಣೆ ಬಿಡಬೇಕು ಅನ್ನುತ್ತಾರೆ. ಇಲ್ಲಿ ಲೇಖಕರ ನಿಲುವು ಇರೋದೇ ಆ ಮಾತಿನಲ್ಲಿ. “ಆದರೂ ಅವನು ತೋಟ ಮಾರುವುದಿಲ್ಲ” ಸಾಕಾ, ಅಥವಾ “ಹಿರಿಯರ ಮೇಲಿನ ಅಭಿಮಾನದಿಂದ” ಅಂತ ಕಾರಣ ಸೇರಿಸಲಾ? ಸೇರಿಸಿದರೆ ಪದ ಎಲ್ಲಿಂದ ಕಳೆಯಲಿ? ಉತ್ತರ ಪತ್ರಿಕೆ ತಿದ್ದಿದ ಅನುಭವ ಇರುವ ಮೇಷ್ಟ್ರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.