ಲೈ, ಲೇ, ಲೇಡ್: ಬಿದ್ದ ಅಜ್ಜಿಯ ರಿಪೋರ್ಟಿನಲ್ಲಿ ಯಾವುದು ಸರಿ?

ಕೇಳಿದವರು (ನರ್ಸ್, ಲೀಡ್ಸ್):
ಮೊನ್ನೆ ನೈಟ್ ಡ್ಯೂಟಿಯಲ್ಲಿ ಒಬ್ಬ ಅಜ್ಜಿ ಟಾಯ್ಲೆಟ್ ಬಾಗಿಲ ಹತ್ತಿರ ಬಿದ್ದರು. ರಿಪೋರ್ಟಿನಲ್ಲಿ ನಾನು "ಷಿ ಲೇ ಆನ್ ದ ಫ್ಲೋರ್ ಫಾರ್ ಟೆನ್ ಮಿನಿಟ್ಸ್" ಎಂದು ಬರೆದೆ. ಇಲ್ಲೇ ಹುಟ್ಟಿ ಬೆಳೆದ ಸಹೋದ್ಯೋಗಿ ಓದಿ, ಅದು "ಷಿ ವಾಸ್ ಲೇಡ್" ಆಗಬೇಕು ಅಂದರು. ಅವರಿಗೆ ಅದು ಮನೆಮಾತು, ನನಗಲ್ಲ. ಹಾಗಾಗಿ ಸುಮ್ಮನಾದೆ. ಆದರೂ ಮನಸ್ಸು ಒಪ್ಪುತ್ತಿಲ್ಲ. ಮಲಗು ಅನ್ನುವ ಲೈ, ಮಲಗಿಸು ಅನ್ನುವ ಲೇ, ಈ ಎರಡು ಪದ ಹಿಂದಿನ ಕಾಲಕ್ಕೆ ಬಂದ ಕೂಡಲೇ ನನ್ನ ಕೈ ನಿಂತುಬಿಡುತ್ತದೆ. ನೀವೆಲ್ಲ ಹೇಗೆ ನೆನಪಿಟ್ಟುಕೊಳ್ಳುತ್ತೀರಿ?

ನಿವೃತ್ತ ಮೇಷ್ಟ್ರು, ಹಾಸನ:
ತುಂಬಾ ಸುಲಭ ಅಮ್ಮಾ. ನಾನು ಹೈಸ್ಕೂಲಿನಲ್ಲಿ ಮಕ್ಕಳಿಗೆ ಒಂದೇ ಮಾತು ಹೇಳಿಕೊಡುತ್ತಿದ್ದೆ. ಮನುಷ್ಯರಿಗೆ ಲೈ, ವಸ್ತುಗಳಿಗೆ ಲೇ. ಅಜ್ಜಿ ಮನುಷ್ಯರು, ಹಾಗಾಗಿ ಲೈ ಕುಟುಂಬದ ಪದವೇ ಬರಬೇಕು. ನೀವು ಬರೆದದ್ದೇ ಸರಿ. ಧೈರ್ಯವಾಗಿರಿ.

ಕಾಪಿ ಎಡಿಟರ್, ಬೆಂಗಳೂರು:
ಮೇಷ್ಟ್ರೇ, ಉತ್ತರ ಸರಿ, ಆದರೆ ದಾರಿ ಸರಿಯಿಲ್ಲ ಅನ್ನಿಸುತ್ತದೆ, ಬೇಜಾರು ಮಾಡಿಕೊಳ್ಳಬೇಡಿ. ಪುಸ್ತಕ ಮೇಜಿನ ಮೇಲೆ ಇದೆ ಅನ್ನುವುದಕ್ಕೆ "ದ ಬುಕ್ ಲೈಸ್ ಆನ್ ದ ಟೇಬಲ್" ಅಂತಲೇ ಬರೆಯುವುದು. ಪುಸ್ತಕ ವಸ್ತು ಅಲ್ವಾ? ತಾಯಿ ಮಗುವನ್ನು ತೊಟ್ಟಿಲಲ್ಲಿ ಮಲಗಿಸುತ್ತಾಳೆ ಅನ್ನುವಾಗ "ಷಿ ಲೇಸ್ ದ ಬೇಬಿ". ಮಗು ಮನುಷ್ಯ. ಮನುಷ್ಯ, ವಸ್ತು ಅನ್ನುವ ಗೆರೆ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ನೋಡಬೇಕಾದದ್ದು ಇಷ್ಟೇ. ತಾನೇ ಮಲಗಿತೋ, ಬೇರೆ ಯಾರಾದರೂ ಮಲಗಿಸಿದರೋ? ನಮ್ಮ ಕನ್ನಡದಲ್ಲಿ ಇದಕ್ಕೆ ಬಾಲವೇ ಇದೆ. ಮಲಗು, ಮಲಗಿಸು. ಕೂರು, ಕೂರಿಸು. ಆ "ಇಸು" ಬಂದರೆ ಲೇ, ಬರದಿದ್ದರೆ ಲೈ. "ಇಡು" ಕೂಡ ಲೇ ಪಾಲಿಗೇ ಹೋಗುತ್ತದೆ. ಕೋಳಿ ಮೊಟ್ಟೆ ಇಡುವುದು, ಇಟ್ಟಿಗೆ ಇಡುವುದು, ಎಲ್ಲ ಲೇ.

ಇಲ್ಲಿಯವರೆಗೆ ಯಾರಿಗೂ ಕಷ್ಟ ಇಲ್ಲ. ಕಷ್ಟ ಶುರುವಾಗುವುದು ನಿನ್ನೆಯ ಮಾತು ಹೇಳುವಾಗ. ಲೈ ಪದದ ಭೂತಕಾಲ ಲೇ. ಲೇ ಪದದ ಭೂತಕಾಲ ಲೇಡ್. ಅಂದರೆ "ಲೇ" ಅನ್ನುವ ಒಂದೇ ಪದ, ಅದೇ ಎಲ್-ಎ-ವೈ ಸ್ಪೆಲಿಂಗಿನಲ್ಲಿ, ಒಂದು ಕಡೆ "ಮಲಗಿಸು", ಇನ್ನೊಂದು ಕಡೆ "ಮಲಗಿದ್ದರು". ಓದುವವರಿಗೆ ಕಣ್ಣಿನಲ್ಲಿ ಯಾವ ಗುರುತೂ ಸಿಗುವುದಿಲ್ಲ.

ಇದು ಬರೀ ಆಕಸ್ಮಿಕ ಅಲ್ಲ ಎನ್ನುವುದೇ ನನಗೆ ಇಷ್ಟವಾದ ಸಂಗತಿ. ಇಂಗ್ಲಿಷಿನ ಪೂರ್ವಜ ಭಾಷೆಯಲ್ಲೂ ನಮ್ಮ "ಇಸು" ಥರದ ಒಂದು ಬಾಲ ಇತ್ತು. ಮಲಗಿಸು ಅನ್ನುವ ಪದ ಕಟ್ಟುವಾಗ ಅವರು ಮಲಗು ಪದದ ಭೂತಕಾಲದಲ್ಲಿದ್ದ ಸ್ವರವನ್ನೇ ತೆಗೆದುಕೊಂಡು ಅದಕ್ಕೆ ಆ ಬಾಲ ಅಂಟಿಸಿದರು. ಸಿಟ್, ಸ್ಯಾಟ್, ಸೆಟ್ ಕೂಡ ಹೀಗೇ ಹುಟ್ಟಿದ ಬಳಗ. ಏಳು ಅನ್ನುವ ರೈಸ್, ಎಬ್ಬಿಸು ಅನ್ನುವ ರೇಸ್ ಕೂಡ. ಸುಮಾರು ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಎರಡೂ ಕ್ರಿಯಾಪದ ಬೇರೆಬೇರೆಯಾಗಿಯೇ ಕೇಳುತ್ತಿದ್ದವು. ಆಮೇಲೆ ಬಾಲ ಸವೆಯಿತು, ನಡುವಿನ ವ್ಯಂಜನ ಸವೆಯಿತು, ಉಳಿದದ್ದು ಸ್ವರ ಮಾತ್ರ. ಹಾಗೆ ಒಂದರ ವರ್ತಮಾನ ಇನ್ನೊಂದರ ಭೂತಕಾಲದ ಮೇಲೆ ಬಂದು ಕೂತಿತು. ಕನ್ನಡದಲ್ಲಿ ಮಲಗಿದರು, ಮಲಗಿಸಿದರು ಯಾವತ್ತೂ ಕಲಸಿಹೋಗುವುದಿಲ್ಲ, ಯಾಕೆಂದರೆ ನಮ್ಮ ಬಾಲ ಇನ್ನೂ ಗಟ್ಟಿಯಾಗಿದೆ.

ಮಾತಿನಲ್ಲಿ ಇನ್ನೊಂದು ತೊಡಕು. "ಲೇ ಡೌನ್" ಎಂದು ಬೇಗ ಹೇಳಿ ನೋಡಿ, ಆಮೇಲೆ "ಲೇಡ್ ಡೌನ್" ಹೇಳಿ. ಎರಡು ಡಕಾರ ಒಂದರ ಮೇಲೊಂದು ಬಿದ್ದು ಒಂದೇ ಆಗಿಬಿಡುತ್ತದೆ. ಚಿಕ್ಕ ಮಕ್ಕಳು ಭಾಷೆ ಕಲಿಯುವುದು ಕಿವಿಯಿಂದ. ಆ ಕಿವಿಗೆ ಯಾವುದು ಬಿತ್ತು ಅಂತ ಅಲ್ಲೇ ಹುಟ್ಟಿದವರಿಗೂ ಗೊತ್ತಾಗುವುದಿಲ್ಲ.

ಐಟಿ ಉದ್ಯೋಗಿ, ಮೈಸೂರು:
ನನ್ನದು ಬೇರೆ ಕಥೆ, ಆದರೆ ಇಲ್ಲಿಗೇ ಸೇರುತ್ತದೆ. ಒಂದು ಸರ್ವರ್ ಕೈಕೊಟ್ಟ ಬಗ್ಗೆ ಕ್ಲೈಂಟಿಗೆ ಮೇಲ್ ಬರೆದೆ. "ದ ಫಾಲ್ಟ್ ಲೈಡ್ ವಿತ್ ದ ಕಾನ್ಫಿಗರೇಶನ್" ಎಂದು ಹಾಕಿದ್ದೆ. ಭೂತಕಾಲಕ್ಕೆ ಡಿ ಸೇರಿಸಿದೆ ಅಷ್ಟೇ. ಮ್ಯಾನೇಜರ್ ಕರೆದು, ಲೈಡ್ ಅಂದರೆ ಸುಳ್ಳು ಹೇಳಿತು ಅಂತ, ಇಲ್ಲಿ "ಲೇ ವಿತ್" ಬರಬೇಕು ಅಂದರು. ಲೇ ಅಂತ ಬರೆದರೆ ವರ್ತಮಾನಕಾಲದಂತೆ ಕಾಣುತ್ತದಲ್ಲ ಎಂದು ನಾನು ವಾದ ಮಾಡಿದೆ. ಅವರು ಹೇಳಿದ್ದು ಸರಿ ಅಂತ ಒಪ್ಪಿಕೊಳ್ಳಲು ಮೂರು ನಿಘಂಟು ನೋಡಬೇಕಾಯಿತು. ಅಂದಿನಿಂದ ನಾನು "ದ ಫಾಲ್ಟ್ ವಾಸ್ ಇನ್" ಎಂದು ಬರೆದು ಮುಗಿಸುತ್ತೇನೆ. ಅಕ್ಕ, ನೀವೂ ಹಾಗೇ ಪದವನ್ನೇ ತಪ್ಪಿಸಿಬಿಡಿ.

ಕಾಪಿ ಎಡಿಟರ್, ಬೆಂಗಳೂರು:
ಲೈಡ್ ತಪ್ಪು ನನ್ನ ಮೇಜಿಗೆ ತುಂಬಾ ಬರುತ್ತದೆ. ಅದು ಜಾಸ್ತಿ ಓದಿದವರು ಮಾಡುವ ತಪ್ಪು. ಲೇಡ್ ಬರೆದರೆ ತಪ್ಪು ಎಂದು ಗೊತ್ತಿರುತ್ತದೆ, ಲೇ ಬರೆದರೆ ಕಣ್ಣಿಗೆ ಒಗ್ಗುವುದಿಲ್ಲ, ಮಧ್ಯದಲ್ಲಿ ಸುಳ್ಳು ಹೇಳುವ ಲೈ ಬಂದು ತನ್ನ ಡಿ ಕೊಟ್ಟು ಹೋಗುತ್ತದೆ. ಆದರೆ ನರ್ಸ್ ಒಬ್ಬರು ಈ ಪದವನ್ನು ತಪ್ಪಿಸಿ ಬದುಕುವುದು ಕಷ್ಟ. ಅವರಿಗೆ ದಿನಾ ಮಲಗಿದವರ ಮಾತೇ.

ನರ್ಸ್, ಮ್ಯಾಂಚೆಸ್ಟರ್:
ನಾನು ಮಂಗಳೂರಿನವಳು, ಇಲ್ಲಿಗೆ ಬಂದು ಒಂಬತ್ತು ವರ್ಷ. ನಿಮ್ಮ ಸಹೋದ್ಯೋಗಿ ಹೇಳಿದ್ದು ತಲೆಕೆಟ್ಟ ತಪ್ಪು ಅಂತ ತಿಳಿಯಬೇಡಿ. ಉತ್ತರ ಇಂಗ್ಲೆಂಡಿನಲ್ಲಿ ಜನ ಹಾಗೇ ಮಾತಾಡುವುದು. ಕೂತಿದ್ದೆ ಅನ್ನುವುದಕ್ಕೆ "ಐ ವಾಸ್ ಸ್ಯಾಟ್", ನಿಂತಿದ್ದೆ ಅನ್ನುವುದಕ್ಕೆ "ಐ ವಾಸ್ ಸ್ಟುಡ್". ಅದೇ ಸಾಲಿನಲ್ಲಿ ಮಲಗಿದ್ದಳು ಅನ್ನುವುದಕ್ಕೆ "ಷಿ ವಾಸ್ ಲೇಡ್". ಅವರ ಕಿವಿಯಲ್ಲಿ ಅದು "ಷಿ ವಾಸ್ ಲೈಯಿಂಗ್" ಎಂಬುದಕ್ಕೆ ಸಮ. ಯಾರೋ ಮಲಗಿಸಿದರು ಅನ್ನುವ ಅರ್ಥ ಅವರ ಮನಸ್ಸಿನಲ್ಲಿ ಇರುವುದೇ ಇಲ್ಲ.

ಆದರೆ ಅದನ್ನು ರಿಪೋರ್ಟಿನಲ್ಲಿ ಬರೆದಾಗ ನನಗೆ ಭಯ. ಕಾಗದದ ಮೇಲೆ "ಷಿ ವಾಸ್ ಲೇಡ್ ಆನ್ ದ ಫ್ಲೋರ್" ಎಂದರೆ ಯಾರೋ ಅವರನ್ನು ನೆಲದ ಮೇಲೆ ಮಲಗಿಸಿದರು ಎಂದಾಗುತ್ತದೆ. ಬಿದ್ದವರನ್ನು ಪರೀಕ್ಷೆ ಮಾಡುವ ಮೊದಲೇ ಎತ್ತಿ ಅಲುಗಾಡಿಸಿದರಾ ಎನ್ನುವುದೇ ಬಿದ್ದ ಕೇಸಿನ ದೊಡ್ಡ ಪ್ರಶ್ನೆ. ಸೊಂಟದ ಮೂಳೆ ಮುರಿದಿದ್ದರೆ? ನಾಳೆ ಬೆಳಿಗ್ಗೆ ಬರುವ ಡಾಕ್ಟರ್ ಇನ್ಯಾವುದೋ ಊರಿನವರು, ಅವರು ಅದನ್ನು ಓದಿ "ಯಾರು ಮಲಗಿಸಿದ್ದು?" ಎಂದು ಕೇಳಿದರೆ ಉತ್ತರ ಹೇಳಬೇಕಾದವರು ನೀವು.

ಕೇಳಿದವರು:
ಅಯ್ಯೋ, ಈ ದಿಕ್ಕಿನಲ್ಲಿ ನಾನು ಯೋಚನೆಯೇ ಮಾಡಿರಲಿಲ್ಲ. ನಿಜವಾಗಿ ನಡೆದದ್ದು ಹೀಗೆ. ಅಜ್ಜಿ ತಾವೇ ಬಿದ್ದರು. ಎಡಮಗ್ಗುಲಿಗೆ ಬಿದ್ದುಕೊಂಡಿದ್ದರು. ಹತ್ತು ನಿಮಿಷ ಆಯಿತು ಎಂದು ಅವರೇ ಹೇಳಿದ್ದು, ನಾನು ನೋಡಿಲ್ಲ. ನಾನು ಪರೀಕ್ಷೆ ಮಾಡಿದೆ. ಆಮೇಲೆ ಇಬ್ಬರು ಸೇರಿ ಹಾಯ್ಸ್ಟ್ ಹಾಕಿ ಎತ್ತಿ ಹಾಸಿಗೆ ಮೇಲೆ ಮಲಗಿಸಿದೆವು. ಬೆಳಿಗ್ಗೆವರೆಗೆ ಅಲ್ಲೇ ಮಲಗಿದ್ದರು.

ಕಾಪಿ ಎಡಿಟರ್, ಬೆಂಗಳೂರು:
ಒಳ್ಳೆಯದಾಯಿತು. ಕನ್ನಡದಲ್ಲಿ ಹೇಳಿದ್ದೀರಲ್ಲ, ಅರ್ಧ ಕೆಲಸ ಆಗಿಯೇ ಹೋಯಿತು. ನಿಮ್ಮ ಮಾತಿನಲ್ಲಿ "ಇಸು" ಒಂದೇ ಕಡೆ ಬಂದಿದೆ, ಹಾಸಿಗೆ ಮೇಲೆ ಮಲಗಿಸಿದೆವು ಅನ್ನುವಲ್ಲಿ. ಅಲ್ಲಿ ಮಾತ್ರ ಲೇಡ್. "ವಿ ಲೇಡ್ ಹರ್ ಆನ್ ದ ಬೆಡ್." ಬಿದ್ದುಕೊಂಡಿದ್ದರು ಅನ್ನುವಲ್ಲಿ ಇಸು ಇಲ್ಲ, ಅಲ್ಲಿ "ಐ ಫೌಂಡ್ ಹರ್ ಲೈಯಿಂಗ್ ಆನ್ ಹರ್ ಲೆಫ್ಟ್ ಸೈಡ್". ಹತ್ತು ನಿಮಿಷದ ಮಾತಿಗೆ "ಷಿ ಸೆಡ್ ಷಿ ಹ್ಯಾಡ್ ಬೀನ್ ಲೈಯಿಂಗ್ ದೇರ್ ಫಾರ್ ಟೆನ್ ಮಿನಿಟ್ಸ್". ಇಲ್ಲಿ ಪುಸ್ತಕದ ರೂಪ "ಹ್ಯಾಡ್ ಲೇನ್". ಸರಿಯಾದದ್ದೇ, ಆದರೆ ಮಾತಿನಲ್ಲಿ ಅಷ್ಟಾಗಿ ಉಳಿದಿಲ್ಲ, ಓದುವವರು ಒಂದು ಕ್ಷಣ ನಿಲ್ಲುತ್ತಾರೆ. ಬೆಳಿಗ್ಗೆವರೆಗೆ ಮಲಗಿದ್ದರು ಅನ್ನುವುದಕ್ಕೆ "ಷಿ ಲೇ ಇನ್ ಬೆಡ್ ಅಂಟಿಲ್ ಮಾರ್ನಿಂಗ್".

ನೀವು ಮೊದಲು ಬರೆದ ವಾಕ್ಯ ವ್ಯಾಕರಣದಲ್ಲಿ ಪೂರ್ತಿ ಸರಿ. ಆದರೂ ಲೈಯಿಂಗ್ ರೂಪವೇ ನಿಮಗೆ ಕ್ಷೇಮ. ಅದನ್ನು ಯಾವ ಊರಿನವರು ಓದಿದರೂ ಒಂದೇ ಅರ್ಥ. ಲೇಯಿಂಗ್ ಎಂದು ಮಾತ್ರ ಬರೆಯಬೇಡಿ. ಅದು ಮಲಗಿಸುವ, ಇಡುವ ಕಡೆಯದು.

ಮೇಷ್ಟ್ರು, ಹಾಸನ:
ಪುಸ್ತಕದ ಉದಾಹರಣೆ ಒಪ್ಪಿದೆ. ಮೂವತ್ತು ವರ್ಷ ಅದೇ ಸೂತ್ರ ಹೇಳಿಕೊಟ್ಟಿದ್ದೇನೆ, ಮಕ್ಕಳು ಪರೀಕ್ಷೆಯಲ್ಲಿ ಸರಿ ಬರೆಯುತ್ತಿದ್ದರು. ಪ್ರಶ್ನೆಗಳೇ ಹಾಗಿದ್ದವು ಅಂತ ಈಗ ಅನ್ನಿಸುತ್ತದೆ. ಹುಡುಗ ಹಾಸಿಗೆಯಲ್ಲಿ, ಪೆನ್ನು ಮೇಜಿನ ಮೇಲೆ. ಆದರೆ ಒಂದು ಮಾತು. ತಪ್ಪು ತಪ್ಪೇ. ಇಂಗ್ಲೆಂಡಿನಲ್ಲಿ ಹುಟ್ಟಿದ ಮಾತ್ರಕ್ಕೆ ಸರಿಯಾಗಿಬಿಡುತ್ತದಾ?

ಕಾಪಿ ಎಡಿಟರ್, ಬೆಂಗಳೂರು:
ಇಲ್ಲಿ ನಾನು ನಿಮ್ಮಷ್ಟು ಗಟ್ಟಿಯಾಗಿ ಹೇಳಲಾರೆ ಮೇಷ್ಟ್ರೇ. ಮಲಗು ಅನ್ನುವ ಅರ್ಥದಲ್ಲಿ ಲೇ ಬಳಸುವುದು ಇಂಗ್ಲಿಷಿನಲ್ಲಿ ಏಳುನೂರು ವರ್ಷದಿಂದ ಇದೆ. ಬೈರನ್ ಕೂಡ 1818ರಲ್ಲಿ ಅಚ್ಚಾದ ಕವಿತೆಯಲ್ಲಿ ಲೈ ಬರಬೇಕಾದಲ್ಲಿ ಲೇ ಹಾಕಿದ್ದಾನೆ. ಇದು ತಪ್ಪು ಎಂದು ಜೋರಾಗಿ ಹೇಳತೊಡಗಿದವರು 18ನೇ ಶತಮಾನದ ವ್ಯಾಕರಣದವರು. ನಾನು ಕೆಲಸದಲ್ಲಿ ತಿದ್ದುತ್ತೇನೆ, ಬರಹದ ಇಂಗ್ಲಿಷಿಗೆ ಆ ಗೆರೆ ಬೇಕು ಅಂತ ನಂಬಿದ್ದೇನೆ. ಆದರೆ ಮಾತಾಡುವವರನ್ನು ತಿದ್ದುವುದಿಲ್ಲ.

ಒಬ್ಬ ಅಮ್ಮ, ಡಲ್ಲಾಸ್:
ಇದೇ ನನ್ನ ತಲೆನೋವು! ಮಗಳಿಗೆ ಏಳು ವರ್ಷ. ನಾಯಿಗೆ ಟ್ರೈನಿಂಗ್ ಕೊಡುವವರು "ಲೇ ಡೌನ್" ಅನ್ನುತ್ತಾರೆ, ಅವಳ ಗೆಳತಿಯರು "ಐ ವಾಸ್ ಲೇಯಿಂಗ್ ಆನ್ ದ ಕೌಚ್" ಅನ್ನುತ್ತಾರೆ, ಶಾಲೆಯಲ್ಲಿ ಮಾತ್ರ "ಲೈ ಡೌನ್" ಎಂದು ಕೆಂಪು ಪೆನ್ನು. ನಾಯಿ ಬೇರೆ "ಲೈ" ಅಂದರೆ ಮಲಗುವುದೇ ಇಲ್ಲ, ಕಲಿತ ಶಬ್ದಕ್ಕೆ ಮಾತ್ರ ಮಲಗುತ್ತದೆ. ಮಲಗುವ ಮುಂಚೆ ಹೇಳುವ ಹಳೆಯ ಪ್ರಾರ್ಥನೆಯಲ್ಲೂ "ಐ ಲೇ ಮಿ ಡೌನ್" ಎಂದೇ ಇದೆ. ಅದೂ ತಪ್ಪಾ?

ಕಾಪಿ ಎಡಿಟರ್, ಬೆಂಗಳೂರು:
ಅದು ಸರಿ. ಅಲ್ಲಿ "ಮಿ" ಇದೆ ನೋಡಿ. ನನ್ನನ್ನು ನಾನೇ ಮಲಗಿಸುತ್ತೇನೆ ಎಂದರ್ಥ, ಹಾಗಾಗಿ ಲೇ. ಆ "ಮಿ" ಉದುರಿಸಿದರೆ ಉಳಿಯುವುದು "ಐ ಲೇ ಡೌನ್". ಜನರ ಬಾಯಲ್ಲಿ ಗೊಂದಲ ಹೆಚ್ಚಲು ಇಂಥ ವಾಕ್ಯಗಳೂ ಕಾರಣ ಇರಬಹುದು.

ನರ್ಸ್, ಮ್ಯಾಂಚೆಸ್ಟರ್:
ಕೇಳಿದವರಿಗೆ ಒಂದು ಮಾತು. ಮೊದಲು ಬರೆದದ್ದನ್ನು ಅಳಿಸಿ ಹೊಸದು ಬರೆಯಬೇಡಿ. ಒಂದು ಗೆರೆ ಎಳೆದು, ಓದಲು ಬರುವ ಹಾಗೇ ಬಿಟ್ಟು, ಪಕ್ಕದಲ್ಲಿ ಹೊಸ ವಾಕ್ಯ ಬರೆದು, ತಾರೀಕು, ಹೊತ್ತು, ಸಹಿ ಹಾಕಿ. ಕಂಪ್ಯೂಟರಿನಲ್ಲಾದರೆ ಹೊಸ ಟಿಪ್ಪಣಿಯಾಗಿ ಸೇರಿಸಿ.

ಕೇಳಿದವರು:
ಕಂಪ್ಯೂಟರಿನಲ್ಲೇ ಇದೆ. ಇವತ್ತು ರಾತ್ರಿ ಡ್ಯೂಟಿಗೆ ಹೋದ ಕೂಡಲೇ "ಫೌಂಡ್ ಲೈಯಿಂಗ್" ಎಂದು ಸೇರಿಸುತ್ತೇನೆ, ನಾವು ಮಲಗಿಸಿದ್ದನ್ನು ಬೇರೆ ಸಾಲಿನಲ್ಲಿ ಹಾಕುತ್ತೇನೆ. ಸಹೋದ್ಯೋಗಿಗೆ ಏನು ಹೇಳಲಿ ಎಂಬುದು ಮಾತ್ರ ಇನ್ನೂ ಗೊತ್ತಾಗುತ್ತಿಲ್ಲ. ಅವರು ನನಗೆ ತುಂಬಾ ಸಹಾಯ ಮಾಡಿದವರು.

ಒಬ್ಬ ಅಮ್ಮ, ಡಲ್ಲಾಸ್:
ವ್ಯಾಕರಣದ ಮಾತೇ ಎತ್ತಬೇಡಿ. ಯಾರು ಮಲಗಿಸಿದ್ದು ಎಂದು ಡಾಕ್ಟರ್ ಕೇಳಬಹುದು ಅಂತ ಹೇಳಿ.